ಓದೋಕ್ಮುಂಚೇನೇ ಓದಿದ್ದಾಗಿಬಿಡೋ ಮೇಲ್‌ಗಳು: ನಮ್ಮ ಅಂಗಡೀಲಿ ನಾನು ಸೆಟಿಂಗ್ ಸರಿ ಮಾಡ್ಕೊಂಡಿದ್ದು

ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ಖರೀದಿ ಅಂಗಡಿ ನಮ್ದು, ನಾನಲ್ಲಿ ಲೆಕ್ಕ ಮತ್ತೆ ಕಂಪ್ಯೂಟರ್ ಕಡೆ ನೋಡ್ಕೊಳ್ತೀನಿ. ಸೀಸನ್‌ನಲ್ಲಿ ಜಗಳೂರು, ಹರಪನಹಳ್ಳಿ ಕಡೆ ಮಾಲು ಬಂದು ಬೀಳ್ತಾ ಇರತ್ತೆ, ಇಲ್ಲಿಂದ ನಾಮಕ್ಕಲ್ ಕಡೆ ಕೋಳಿ ಫೀಡ್ ಮಿಲ್‌ಗಳಿಗೆ ಲೋಡ್ ಹೋಗತ್ತೆ. ಮಾತುಕತೆ ಎಲ್ಲಾ ಫೋನಲ್ಲೇ ಆದ್ರೂ ಲೆಕ್ಕಕ್ಕೆ ಬರೋದು ಇ-ಮೇಲೇ. ಪಿಓ, ವೇಬ್ರಿಡ್ಜ್ ಸ್ಲಿಪ್, ಮಾಯಿಶ್ಚರ್ ಜಾಸ್ತಿ ಐತೆ ಅಂತ ದುಡ್ಡು ಕಟಾವು ಮಾಡಿದ ಕಾಗದ, ಎಲ್ಲಾ ಒಂದೇ ಆಫೀಸ್ ಐಡಿಗೆ ಬಂದು ಬೀಳತ್ತೆ. ಆ ಐಡಿ ನನ್ನ ಸಿಸ್ಟಮ್‌ನಲ್ಲೂ ಐತೆ, ಪಕ್ಕದ ಟೇಬಲ್ ಅಕ್ಕನ ಸಿಸ್ಟಮ್‌ನಲ್ಲೂ ಐತೆ, ಸಾವ್ಕಾರ್ರ ಮೊಬೈಲಲ್ಲೂ ಐತೆ.

ಕೆಲಸ ಹಂಚ್ಕೊಳ್ಳೋಕೆ ನಾವು ನಂಬ್ಕೊಂಡಿದ್ದು ಒಂದೇ ಒಂದು ಗುರುತು, ದಪ್ಪ ಅಕ್ಷರ. ದಪ್ಪಗಿದ್ರೆ ಯಾರೂ ನೋಡಿಲ್ಲ, ತೆಳ್ಳಗಾಗಿದ್ರೆ ಯಾರೋ ಒಬ್ರು ತಗೊಂಡಿದಾರೆ ಅಂತ. ಒಂದಿನ ಒಂದು ಮಿಲ್‌ನಿಂದ ಮೇಲ್ ಬಂದಿತ್ತು, ಲೋಡ್ ತೇವ ಜಾಸ್ತಿ ಇದೆ, ರೇಟ್ ಕಡಿಮೆಗೆ ಒಪ್ತೀರಾ ಇಲ್ಲಾ ವಾಪಸ್ ಕಳಿಸ್ಬೇಕಾ, ಬೇಗ ಹೇಳಿ ಅಂತ. ಅದು ಇನ್‌ಬಾಕ್ಸ್‌ನಲ್ಲಿ ತೆಳ್ಳಗೆ ಕೂತಿತ್ತು, ಅಕ್ಕ ನಾನು ನೋಡಿದೀನಿ ಅಂದ್ಕೊಂಡ್ರು, ನಾನು ಅಕ್ಕ ನೋಡಿದಾರೆ ಅಂದ್ಕೊಂಡೆ, ಲಾರಿ ಮಿಲ್ ಗೇಟ್ ಹತ್ರ ನಿಂತೇ ಇತ್ತು. ಸಂಜೆ ಡ್ರೈವರ್ ಸಾವ್ಕಾರ್ರಿಗೆ ಫೋನ್ ಮಾಡ್ದಾಗ್ಲೇ ಗೊತ್ತಾಗಿದ್ದು. "ಓದಿದ್ದು ಯಾರ್ರೀ?" ಅಂತ ಅವ್ರು ಕೇಳಿದ್ರೆ ಹೇಳೋಕೆ ಯಾರ ಹತ್ರಾನೂ ಉತ್ತರ ಇಲ್ಲ, ಯಾಕಂದ್ರೆ ನಿಜವಾಗ್ಲೂ ಯಾರೂ ಓದಿರ್ಲಿಲ್ಲ.

ಮೇಲ್ ಮೇಲೆ ಎಷ್ಟು ಸೆಕೆಂಡ್ ನಿಂತ್ರೆ ಓದಿದ್ದು ಅಂತ ಆಗ್ಬೇಕು ಅನ್ನೋಕೆ ಒಂದು ಸೆಟಿಂಗ್ ಐತೆ, ಹಿಂಗಾದಾಗ ಎಲ್ರೂ ಸೀದಾ ಆ ಸೆಕೆಂಡ್ ಜಾಸ್ತಿ ಮಾಡೋಕೆ ಹೋಗ್ತಾರೆ. ಅದಕ್ಕಿಂತ ಮುಂಚೆ ಮೇಲ್ ಯಾವ ಗಳಿಗೇಲಿ ತೆಳ್ಳಗಾಗ್ತಾ ಐತೆ ಅಂತ ಹಿಡೀಬೇಕು. ನಾನು ಮಾಡಿದ್ದು ಇಷ್ಟೇ, ಬೇರೆ ಐಡಿಯಿಂದ ಆಫೀಸ್ ಐಡಿಗೆ ಒಂದು, ಎರಡು, ಮೂರು ಅಂತ ಸಬ್ಜೆಕ್ಟ್ ಕೊಟ್ಟು ಖಾಲಿ ಮೇಲ್ ಕಳಿಸ್ಕೊಂಡೆ. ಅಕ್ಕನ ಸಿಸ್ಟಮ್ ಆಫ್ ಮಾಡ್ಸಿ, ಮೇಲ್ ಆ್ಯಪ್ ಮುಟ್ಬೇಡಿ ಅಂತ ಸಾವ್ಕಾರ್ರಿಗೂ ಹೇಳಿ, ನನ್ನ ಹಳೇ ಔಟ್‌ಲುಕ್‌ನಲ್ಲಿ, ಮೇಲ್ ತೆಗೀದೇನೇ ಲಿಸ್ಟ್ ಪಕ್ಕದಲ್ಲೇ ಅದನ್ನ ತೋರ್ಸೋ ರೀಡಿಂಗ್ ಪೇನ್ ಬಲಗಡೆ ತೆಗೆದಿಟ್ಕೊಂಡು 'ಒಂದು' ಮೇಲೆ ನಿಂತೆ. ಎಷ್ಟೊತ್ತು ನಿಂತ್ರೂ ದಪ್ಪಗೇ ಇತ್ತು. ಕೆಳಗಿನ ಬಾಣದ ಕೀ ಒತ್ತಿ 'ಎರಡು' ಮೇಲೆ ಬಂದ ತಕ್ಷಣ 'ಒಂದು' ತೆಳ್ಳಗಾಯ್ತು. ಅಂದ್ರೆ ನಮ್ಮಲ್ಲಿ ಟೈಮರ್ ಅನ್ನೋದೇ ಓಡ್ತಿರ್ಲಿಲ್ಲ! ಮೇಲ್ ಬಿಟ್ಟು ಮುಂದೆ ಹೋದ್ರೆ ಸಾಕು, ಓದಿದ್ದು ಅಂತ ಬರ್ಕೊಳ್ತಿತ್ತು. ಬೆಳಗ್ಗೆ ಬಂದು ಲಿಸ್ಟ್ ಮೇಲಿಂದ ಕೆಳಗೆ ಬಾಣದ ಕೀ ಒತ್ಕೊಂಡು ಇಳಿಯೋ ಅಭ್ಯಾಸ ಇದ್ದೋರಿಗೆ ದಾರೀಲಿ ಸಿಕ್ಕ ಮೇಲ್‌ಗಳೆಲ್ಲಾ ತೆಳ್ಳಗಾಗೋದು ಹಿಂಗೇನೇ.

ಆ ಸೆಟಿಂಗ್ ಇರೋದು File ಒಳಗೆ Options, ಅಲ್ಲಿ Mail, ಸ್ವಲ್ಪ ಕೆಳಗೆ ಬಂದ್ರೆ Outlook panes ಅನ್ನೋ ಜಾಗದಲ್ಲಿ Reading Pane ಅಂತ ಬಟನ್. ಅದನ್ನ ಒತ್ತಿದ್ರೆ ಒಂದು ಪುಟಾಣಿ ಕಿಟಕಿ ತೆಗೆಯತ್ತೆ. ಮೊದಲ್ನೇದು Mark items as read when viewed in the Reading Pane, ಅದರ ಕೆಳಗೆ ಎಷ್ಟು ಸೆಕೆಂಡ್ ಕಾಯ್ಬೇಕು ಅನ್ನೋ ಡಬ್ಬಿ, ಅದ್ರಲ್ಲಿ ಮೊದ್ಲೇ 5 ಇರತ್ತೆ. ಎರಡ್ನೇದು Mark item as read when selection changes, ಔಟ್‌ಲುಕ್ ಹಾಕಿದಾಗ ಟಿಕ್ ಆಗಿ ಬರೋದು ಇದೇ. ಎರಡಕ್ಕೂ ಒಟ್ಟಿಗೆ ಟಿಕ್ ಇಟ್ಕೊಳ್ಳೋಕಾಗಲ್ಲ, ಒಂದಕ್ಕೆ ಹಾಕಿದ್ರೆ ಇನ್ನೊಂದು ತಾನೇ ಹೋಗತ್ತೆ, ಬೇಕಾದ್ರೆ ಎರಡನ್ನೂ ತೆಗೀಬಹುದು. ಮೊದಲ್ನೇದಕ್ಕೆ ಟಿಕ್ ಇಲ್ಲ ಅಂದ್ರೆ ಸೆಕೆಂಡ್ ಡಬ್ಬೀಲಿ ಏನಿದ್ರೂ ಲೆಕ್ಕಕ್ಕಿಲ್ಲ.

ಈ ಎರಡ್ನೇ ಟಿಕ್ ಇದ್ದಾಗ ಬಾಣದ ಕೀ ಒಂದೇ ಅಲ್ಲ, ಇನ್ನೊಂದು ಕಡೇನೂ ಹೊಡೆತ ಬೀಳತ್ತೆ. ಒಂದು ಮೇಲ್ ಡಿಲೀಟ್ ಮಾಡಿದ್ರೆ ಆಯ್ಕೆ ತಾನಾಗೇ ಪಕ್ಕದ ಮೇಲ್ ಮೇಲೆ ಹೋಗಿ ಕೂರತ್ತೆ, ನಾವು ಅದನ್ನ ನೋಡೇ ಇರಲ್ಲ, ಬೇರೆ ಎಲ್ಲೋ ಕ್ಲಿಕ್ ಮಾಡ್ತೀವಿ, ಅಷ್ಟಕ್ಕೇ ಅದು ಓದಿದ್ದಾಯ್ತು. ಬೇಡದ ಜಾಹೀರಾತು ಮೇಲ್‌ಗಳನ್ನ ಬಡಬಡ ಅಂತ ಅಳಿಸೋರು ಇದನ್ನ ಗಮನಿಸಿ ನೋಡ್ರಿ, ಅಳಿಸಿದ್ದರ ಪಕ್ಕದ್ದೇ ತೆಳ್ಳಗಾಗಿರತ್ತೆ. ನಮ್ಮ ಆ ಮಿಲ್ ಮೇಲ್ ಹಿಂಗೇ ಹೋಗಿರ್ಬೇಕು ಅಂತ ನನ್ನ ಅನುಮಾನ, ಅದ್ರ ಹತ್ರಾನೇ ಒಂದಷ್ಟು ಲೋನ್ ಜಾಹೀರಾತು ಬಂದಿದ್ವು, ಅವೆಲ್ಲ ಟ್ರ್ಯಾಶ್‌ನಲ್ಲಿದ್ವು.

ಅದೇ ಕಿಟಕೀಲಿ Single key reading using space bar ಅಂತ ಇನ್ನೊಂದು ಟಿಕ್ ಐತೆ, ಇದ್ರ ಕಡೆ ಯಾರೂ ನೋಡಲ್ಲ. ಉದ್ದ ಮೇಲ್ ಓದ್ತಾ ಸ್ಪೇಸ್ ಬಾರ್ ಒತ್ತಿದ್ರೆ ರೀಡಿಂಗ್ ಪೇನ್‌ನಲ್ಲಿ ಒಂದೊಂದು ಪರದೆಯಷ್ಟು ಕೆಳಗೆ ಸರಿಯತ್ತೆ, ಚೆನ್ನಾಗೇ ಇರತ್ತೆ. ಆದ್ರೆ ಮೇಲ್ ಮುಗಿದ್ಮೇಲೆ ಇನ್ನೊಂದ್ಸಲ ಒತ್ತಿದ್ರೆ ಸೀದಾ ಮುಂದಿನ ಮೇಲ್‌ಗೆ ಹಾರತ್ತೆ. ಅಕ್ಕನಿಗೆ ಸ್ಪೇಸ್ ಬಾರ್ ಬಡಿದು ಬಡಿದು ಓದೋ ಅಭ್ಯಾಸ, ಮಿಲ್‌ನೋರು ಕಳಿಸೋ ಉದ್ದುದ್ದ ಟೇಬಲ್‌ಗಳ ಕೊನೆ ಎಲ್ಲೈತೆ ಅಂತ ಗೊತ್ತಾಗಲ್ಲ, ಇನ್ನೂ ಇದೆ ಅಂದ್ಕೊಂಡು ಒತ್ತಿದ್ರೆ ಬೇರೆ ಮೇಲ್ ಬಂದಿರತ್ತೆ. "ಅಯ್ಯೋ ಎಲ್ಲೋದ್ನಪ್ಪ" ಅಂತ ವಾಪಸ್ ಮೇಲಕ್ಕೆ ಬರ್ತಾರೆ, ಆ ಹೋಗಿ ಬಂದ ಮೇಲ್ ತೆಳ್ಳಗಾಗಿರತ್ತೆ. ಸ್ಕ್ರೋಲ್ ಮಾಡಿದ್ರೆ ಮೇಲ್ ಓದಿದ್ದಾಗತ್ತೆ ಅಂತ ಅವ್ರು ಹೇಳ್ತಿದ್ದಿದ್ದು ಇದನ್ನೇ. ಮೌಸ್ ಚಕ್ರದಲ್ಲಿ ಪೇನ್ ಒಳಗೆ ಸರಿಸಿದ್ರೆ ಹಂಗಾಗಲ್ಲ, ಮೇಲ್ ಬದಲಾಗೋದೇ ಇಲ್ವಲ್ಲ. ಅವ್ರ ಸಿಸ್ಟಮ್‌ನಲ್ಲಿ ಆ ಟಿಕ್ ತೆಗೆದುಬಿಟ್ಟೆ, ಒಂದೆರಡು ದಿನ ಬೈದ್ರು, ಆಮೇಲೆ ಸುಮ್ನಾದ್ರು.

ಈಗ ಸೆಕೆಂಡ್ ವಿಷಯಕ್ಕೆ ಬರೋಣ. Selection changes ಟಿಕ್ ತೆಗೆದು ಮೊದಲ್ನೇದಕ್ಕೆ ಹಾಕಿ ಅದೇ ಮೂರು ಮೇಲ್ Ctrl+U ಒತ್ತಿ ಮತ್ತೆ ದಪ್ಪ ಮಾಡ್ಕೊಂಡು ನೋಡಿದೆ. ಐದು ಸೆಕೆಂಡ್‌ನೊಳಗೆ ಬಿಟ್ಟು ಹೋದ್ರೆ ದಪ್ಪಗೇ ಉಳೀತಿತ್ತು, ತಿರುಗಿ ಬಂದು ನಿಂತ್ರೆ ಎಣಿಕೆ ಮೊದ್ಲಿಂದ ಶುರು. ಬಾಣದ ಕೀಲಿ ಸರಸರ ಇಳಿದ್ರೆ ಒಂದೂ ಬದಲಾಗ್ಲಿಲ್ಲ. ಇಲ್ಲಿಗೆ ಮುಗೀತು ಅಂದ್ಕೊಂಡ್ರೆ ಅಂಗಡಿ ಕೆಲ್ಸದಲ್ಲಿ 5 ಸಾಲಲಿಲ್ಲ. ಒಂದು ಮೇಲ್ ಮೇಲೆ ನಿಂತಿರ್ತೀನಿ, ಅಷ್ಟರಲ್ಲಿ ಹಮಾಲರು ಚೀಟಿ ಹಿಡ್ಕೊಂಡು ಬರ್ತಾರೆ, ಇಲ್ಲಾ ಫೋನ್ ಬರತ್ತೆ, ತಲೆ ಆ ಕಡೆ ತಿರುಗಿದ್ರೂ ಟೈಮರ್‌ಗೇನು ಗೊತ್ತು, ಮೇಲ್ ಮೇಲೆ ನೀಲಿ ಪಟ್ಟಿ ನಿಂತೈತಾ ಅಷ್ಟೇ ಅದು ನೋಡೋದು.

20ಕ್ಕೆ ಏರಿಸಿದೆ. ಆಗ ಉಲ್ಟಾ ತಾಪತ್ರಯ, ಮಿಲ್‌ನೋರ "ಓಕೆ, ರಿಸೀವ್ಡ್" ಅನ್ನೋ ಒಂದು ಸಾಲಿನ ಮೇಲ್ ಓದಿ ಮುಂದೆ ಹೋದ್ರೂ ಅದು ದಪ್ಪಗೇ ಇರತ್ತೆ, ಸಂಜೆ ಹೊತ್ತಿಗೆ ಇನ್‌ಬಾಕ್ಸ್ ತುಂಬಾ ಓದಿರೋ ದಪ್ಪ ಮೇಲ್‌ಗಳು, ಅದನ್ನ ನೋಡಿ ಅಕ್ಕ ಎಲ್ಲಾ ಮತ್ತೆ ಓದೋದು. ಅದಕ್ಕೆ ನನ್ನ ಅಭಿಪ್ರಾಯ ಏನಂದ್ರೆ, ಒಬ್ರೇ ನೋಡೋ ಐಡಿ ಆದ್ರೆ 5ರಿಂದ 10ರೊಳಗೆ ಏನೋ ಒಂದಿಟ್ಕೊಳ್ಳಿ, ಸಾಕು. ಇಬ್ರು ಮೂರ್ಜನ ಆ ದಪ್ಪ ಅಕ್ಷರ ನಂಬ್ಕೊಂಡು ಕೆಲ್ಸ ಮಾಡೋದಾದ್ರೆ ಯಾವ ನಂಬರ್ ಇಟ್ರೂ ಸರಿ ಹೋಗಲ್ಲ, ಎರಡೂ ಟಿಕ್ ತೆಗೆದುಹಾಕಿ. ನಾನು ಕೊನೆಗೆ ಮಾಡಿದ್ದು ಅದೇ. ಈಗ ಮೇಲ್ ಓದಿ, ಇದು ನನ್ನ ಕೆಲ್ಸ ಅಂತ ತಗೊಂಡ್ಮೇಲೆ Ctrl+Q ಒತ್ತಿದ್ರೆ ತೆಳ್ಳಗಾಗತ್ತೆ. ಕೈಗೆ ಅಭ್ಯಾಸ ಆಗೋವರ್ಗೂ ಕಿರಿಕಿರಿ ಅನ್ಸತ್ತೆ, ಸುಳ್ಳು ಹೇಳಲ್ಲ. ಒಂದು ಮಾತು, ಇದೆಲ್ಲಾ ರೀಡಿಂಗ್ ಪೇನ್‌ಗೆ ಮಾತ್ರ. ಡಬಲ್ ಕ್ಲಿಕ್ ಮಾಡಿ ಮೇಲನ್ನ ಬೇರೆ ಕಿಟಕೀಲಿ ತೆಗೆದ್ರೆ ಸೆಟಿಂಗ್ ಏನೇ ಇರ್ಲಿ ತಕ್ಷಣ ಓದಿದ್ದಾಗತ್ತೆ.

ಅಕ್ಕನ ಸಿಸ್ಟಮ್‌ನಲ್ಲಿ ಹೊಸ ಔಟ್‌ಲುಕ್ ಇರೋದ್ರಿಂದ ದಾರಿ ಬೇರೆ, ಗಿಯರ್ ಚಿತ್ರ ಒತ್ತಿ Mail ಒಳಗೆ Message handling, ಅಲ್ಲಿ Mark as read ಅಂತ ಇರತ್ತೆ, ತಾನಾಗಿ ಓದಿದ್ದು ಮಾಡ್ಬೇಡ ಅನ್ನೋ ಆಯ್ಕೆನೂ ಅಲ್ಲೇ ಸಿಗತ್ತೆ. ಚಿತ್ರದುರ್ಗದಲ್ಲಿ ನಮ್ಮ ಇನ್ನೊಂದು ಅಂಗಡಿ ಹುಡುಗ ಥಂಡರ್‌ಬರ್ಡ್ ಇಟ್ಕೊಂಡಿದಾನೆ, ಅದ್ರಲ್ಲಿ Settings, General, ಕೆಳಗೆ Reading & Display ಅಂತ ಬರತ್ತೆ. Automatically mark messages as read ಅನ್ನೋದಕ್ಕೆ ಟಿಕ್ ಇದ್ದು ಅದ್ರಲ್ಲಿ Immediately on display ಆಯ್ಕೆ ಆಗಿದ್ರೆ ಮೇಲ್ ಮೇಲೆ ಹೋದ ಕೂಡ್ಲೇ ತೆಳ್ಳಗೆ, ಅವನಿಗೆ ಫೋನಲ್ಲೇ ಹೇಳಿ ಆ ಟಿಕ್ ತೆಗ್ಸಿದೆ. ಅದ್ರಲ್ಲಿ ಕೈಯಲ್ಲಿ ಗುರುತು ಮಾಡೋಕೆ M ಕೀ ಒತ್ತಿದ್ರೆ ಆಯ್ತು.

ಪ್ರತಿ ಸಿಸ್ಟಮ್‌ನಲ್ಲೂ ಬೇರೆಬೇರೆಯಾಗಿ ಯಾಕೆ ಮಾಡ್ಬೇಕು ಅಂದ್ರೆ, ಮೇಲ್‌ಗಳು ಸರ್ವರ್‌ನಲ್ಲೇ ಇದ್ದು ಎಲ್ಲಾ ಸಿಸ್ಟಮ್‌ಗೂ ಒಂದೇ ಥರ ಕಾಣೋ ನಮ್ಮಂಥ ಐಮ್ಯಾಪ್ ಐಡೀಲಿ ಕಾಯೋ ಸೆಟಿಂಗ್ ಆಯಾ ಸಿಸ್ಟಮ್‌ನ ಪ್ರೋಗ್ರಾಮಲ್ಲಿ ಇರತ್ತೆ, ಆದ್ರೆ ಓದಿದ್ದು ಅನ್ನೋ ಗುರುತು ಸರ್ವರ್‌ನಲ್ಲಿ ಇರತ್ತೆ. ಸರ್ವರ್‌ನಲ್ಲಿ ಪ್ರತಿ ಮೇಲ್‌ಗೂ `\Seen` ಅಂತ ಒಂದೇ ಒಂದು ಗುರುತು, ಯಾರು ನೋಡಿದ್ರು ಅಂತ ಅದಕ್ಕೆ ಗೊತ್ತಿಲ್ಲ. ಯಾವುದೋ ಒಂದು ಸಿಸ್ಟಮ್ ಅದನ್ನ ಹಾಕಿದ್ರೆ ಮಿಕ್ಕಿದ್ದೆಲ್ಲದ್ರಲ್ಲೂ ತೆಳ್ಳಗಾಗತ್ತೆ. ಪ್ರತಿ ಸಿಸ್ಟಮ್ಮೂ ತನ್ನದೇ ಕಾಪಿ ಇಳಿಸ್ಕೊಳ್ಳೋ ಪಾಪ್ ಆಗಿದ್ರೆ ಆ ಗುರುತೇ ಸರ್ವರ್‌ನಲ್ಲಿ ಇರಲ್ಲ, ಅವರವರದ್ದು ಅವರವರಿಗೆ. ಅದಕ್ಕೇ ಮೂರು ಮೇಲ್ ಪರೀಕ್ಷೆ ಮಾಡೋವಾಗ ಬೇರೆಯೋರದ್ದೆಲ್ಲಾ ಬಂದ್ ಮಾಡ್ಸಿದ್ದು. ನಿಮ್ಮ ಸಿಸ್ಟಮ್ ನೀವು ಮುಟ್ಟದೇನೇ ಮೇಲ್ ತೆಳ್ಳಗಾಗ್ತಿದ್ರೆ ನಿಮ್ಮ ಸೆಟಿಂಗ್ ಕೆದಕಿ ಪ್ರಯೋಜನ ಇಲ್ಲ, ಇನ್ನೊಂದು ಸಿಸ್ಟಮ್ ಇಲ್ಲಾ ಮೊಬೈಲ್ ಹುಡುಕ್ಬೇಕು.

ನಮ್ಮಲ್ಲಿ ಉಳಿದಿದ್ದು ಸಾವ್ಕಾರ್ರ ಮೊಬೈಲ್. ಅವ್ರ ಆ್ಯಪಲ್ಲಿ ಮೇಲ್ ತೆಗೆದ್ರೆ ಓದಿದ್ದು ಅಂತಾನೇ ಆಗತ್ತೆ, ಕಾಯೋ ಸೆಟಿಂಗ್ ಅದ್ರಲ್ಲಿ ಇಲ್ಲ. ರಾತ್ರಿ ಮನೇಲಿ ಕೂತು ಎಲ್ಲಾ ತೆಗೆದು ನೋಡ್ತಾರೆ, ಬೆಳಗ್ಗೆ ನಾವು ಬಂದ್ರೆ ಇನ್‌ಬಾಕ್ಸ್ ಪೂರ್ತಿ ತೆಳ್ಳಗೆ. "ಓದಿದ್ಮೇಲೆ ವಾಪಸ್ ಅನ್‌ರೀಡ್ ಮಾಡಿ ಸಾವ್ಕಾರ್ರೇ" ಅಂದೆ, "ಅದೆಲ್ಲಾ ನನ್ ಕೈಲಿ ಆಗಲ್ಲ ಹೋಗಪ್ಪ" ಅಂದ್ರು. ಈಗ ಅವ್ರ ಮೊಬೈಲಿಂದ ಆಫೀಸ್ ಐಡಿ ತೆಗೆದು, ಬರೋ ಮೇಲ್‌ಗಳ ಒಂದು ಕಾಪಿ ಅವರ ಸ್ವಂತ ಐಡಿಗೆ ಹೋಗೋ ಹಂಗೆ ಸರ್ವರ್‌ನಲ್ಲೇ ಫಾರ್ವರ್ಡ್ ಹಾಕಿದೀನಿ, ಅವ್ರು ಅಲ್ಲಿ ಎಷ್ಟು ಸಲ ತೆಗೆದು ನೋಡಿದ್ರೂ ನಮ್ಮ ಇನ್‌ಬಾಕ್ಸ್‌ಗೆ ತಟ್ಟಲ್ಲ. ಅವ್ರು ಅಲ್ಲಿಂದ ಉತ್ತರ ಕಳಿಸಿದ್ರೆ ಮಾತ್ರ ನಮ್ಮ ಸೆಂಟ್ ಫೋಲ್ಡರ್‌ನಲ್ಲಿ ಕಾಣಲ್ಲ, ಅದಕ್ಕೆ ಆಫೀಸ್ ಐಡಿಗೂ ಸಿಸಿ ಹಾಕಿ ಅಂತ ಒಪ್ಸಿದೀನಿ.