ಫ್ರೆಂಚ್ ಆಫೀಸಿನ ಮೇಲ್‌ನಲ್ಲಿ ಯಾರನ್ನು ಕಾಪಿಯಲ್ಲಿ ಹಾಕಬೇಕು, ಯಾರನ್ನು ಬೇಡ: ನನ್ನ ಅನುಭವ

ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಮ್ಯಾನೇಜರ್‌ನ್ನು ಸಿಸಿಯಲ್ಲಿ ಹಾಕದೆ ಮೇಲ್ ಕಳಿಸುತ್ತಿದ್ದುದೇ ಕಡಿಮೆ. ಅವರಿಗೂ ವಿಷಯ ಗೊತ್ತಿರಲಿ ಅಂತ ಹಾಕುತ್ತಿದ್ದೆವು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಈಗ ನಾನಿರುವ ಫ್ರಾನ್ಸಿನ ತುಲೂಸ್‌ನಲ್ಲಿ ಹಾಗಲ್ಲ. ಇಲ್ಲಿ ಒಬ್ಬರ ನೇರ ಮೇಲಧಿಕಾರಿಯನ್ನು N+1 ಅನ್ನುತ್ತಾರೆ, ಅವರಿಗೂ ಮೇಲಿನವರು N+2. ಸಹೋದ್ಯೋಗಿಗೆ ಬರೆದ ಮೇಲ್‌ನ Cc ಸಾಲಿನಲ್ಲಿ ಅವನ N+1 ಹೆಸರು ಕಂಡರೆ, ಒಳಗೆ ಎಷ್ಟೇ ವಿನಯವಾಗಿ ಬರೆದಿರಲಿ, ಅವನು ಅದನ್ನು ದೂರು ಅಂತಲೇ ಓದುತ್ತಾನೆ. ಹಾಗಾಗಿ ಆ ಸಾಲನ್ನು ನಾನು ಕೊನೆಯಲ್ಲಿ, ಯೋಚಿಸಿಯೇ ತುಂಬುತ್ತೇನೆ.

ಒಂದು ಉದಾಹರಣೆ ಹೇಳುತ್ತೇನೆ. ಡಿಸೈನ್ ವಿಭಾಗದವರೊಬ್ಬರು ತಿದ್ದಿದ ಡ್ರಾಯಿಂಗ್ ಮಂಗಳವಾರ ಕೊಡಬೇಕಿತ್ತು, ಬರಲಿಲ್ಲ. ಬುಧವಾರ ಬೆಳಿಗ್ಗೆ ಅವರೊಬ್ಬರಿಗೇ ಬರೆದೆ. ‘ಸೋಫ್ ಎರರ್ ದ ಮ ಪಾರ್’, ಅಂದರೆ ‘ನನ್ನ ಕಣ್ತಪ್ಪಲ್ಲದಿದ್ದರೆ’ ಅಂತ ಶುರು ಮಾಡಿ, ಡ್ರಾಯಿಂಗ್ ಇನ್ನೂ ಸಿಕ್ಕಿಲ್ಲ ಅಂತ ಎರಡೇ ಸಾಲು. ಈ ಮಾತು ಎದುರಿನವರಿಗೆ ಮುಖ ಉಳಿಸಿಕೊಳ್ಳಲು ಜಾಗ ಕೊಡುತ್ತದೆ. ಉತ್ತರ ಬರದಿದ್ದಾಗ ಎರಡನೇ ಮೇಲ್ ಬರೆಯಲಿಲ್ಲ, ಅವರ ಮೇಜಿನ ಹತ್ತಿರವೇ ಹೋದೆ. ಇನ್ನೊಂದು ಪ್ರಾಜೆಕ್ಟ್‌ನವರು ಅವರನ್ನು ಪೂರ್ತಿ ಹಿಡಿದುಕೊಂಡಿದ್ದರು. ಯಾವುದು ಮೊದಲು ಅಂತ ನಿರ್ಧರಿಸುವುದು ಅವರ ಕೈಯಲ್ಲಿರಲಿಲ್ಲ, ಅವರ N+1 ಕೈಯಲ್ಲಿತ್ತು. ಮೇಲಧಿಕಾರಿಯನ್ನು ಕಾಪಿಗೆ ತರಲು ಸರಿಯಾದ ಕಾರಣ ಅಂದರೆ ಇದು.

ಆದರೂ ಅಲ್ಲೇ ನಿಂತು ಅವರಿಗೆ ಹೇಳಿದೆ: ನಿಮ್ಮ N+1 ಅವರನ್ನು ಕಾಪಿಯಲ್ಲಿ ಹಾಕುತ್ತೇನೆ, ಆದ್ಯತೆ ಅವರೇ ತೀರ್ಮಾನಿಸಲಿ. ಅವರಿಗೂ ಅದು ಸಮಾಧಾನವಾಯಿತು. ಮೇಲ್‌ನಲ್ಲಿ ಯಾವ ಡ್ರಾಯಿಂಗ್, ಅದಿಲ್ಲದೆ ವರ್ಕ್‌ಶಾಪ್‌ನಲ್ಲಿ ಯಾವತ್ತಿನಿಂದ ಕೆಲಸ ನಿಲ್ಲುತ್ತದೆ, ಯಾವ ನಿರ್ಧಾರ ಬೇಕು ಇಷ್ಟನ್ನೇ ಬರೆದೆ. ಕೊನೆಯಲ್ಲಿ, ಇಂಥವರನ್ನು ‘ಆಂ ಕೊಪಿ’ ಹಾಕಿದ್ದೇನೆ, ಆದ್ಯತೆಯ ನಿರ್ಧಾರಕ್ಕಾಗಿ, ಅಂತ ಹೆಸರು ಹಿಡಿದು ಕಾರಣ ಕೊಟ್ಟೆ. ನನ್ನ N+1 ಅವರನ್ನೂ ಸೇರಿಸಿದೆ, ಅವರ ಕಡೆಯವರು ಮಾತ್ರ ಕಟಕಟೆಯಲ್ಲಿ ನಿಂತ ಹಾಗೆ ಕಾಣಬಾರದಲ್ಲ. ‘ಮಾಲ್ಗ್ರೆ ಮೆ ರಲಾಂಸ್’, ಅಂದರೆ ‘ಹಲವು ಸಲ ನೆನಪಿಸಿದರೂ’ ಅನ್ನುವ ಮಾತನ್ನು ಅಧಿಕಾರಿ ಕಾಪಿಯಲ್ಲಿರುವಾಗ ನಾನು ಎಂದೂ ಬರೆಯುವುದಿಲ್ಲ. ಆ ಒಂದು ಮಾತು ಇಡೀ ಮೇಲನ್ನು ಆರೋಪಪಟ್ಟಿ ಮಾಡಿಬಿಡುತ್ತದೆ.

Cci, ಅಂದರೆ ಉಳಿದವರಿಗೆ ಕಾಣದ ಕಾಪಿ, ಬಗ್ಗೆ ನನ್ನ ನಿಲುವು ಕಟ್ಟುನಿಟ್ಟು: ಸಹೋದ್ಯೋಗಿಗೆ ಬರೆಯುವಾಗ ಮೂರನೆಯವರನ್ನು ಅಲ್ಲಿ ಬಚ್ಚಿಡಬಾರದು. ಅದು ಗುಟ್ಟಾಗಿ ಉಳಿಯುತ್ತದೆ ಅನ್ನುವ ಭರವಸೆಯೂ ಇಲ್ಲ. Cci ನಲ್ಲಿದ್ದವರು ಫೋನಿನಲ್ಲಿ ಓದಿ, ಗಮನಿಸದೆ Répondre à tous, ಅಂದರೆ ‘ಎಲ್ಲರಿಗೂ ಉತ್ತರಿಸಿ’, ಒತ್ತಿದರೆ ಅವರ ಉತ್ತರ ಎಲ್ಲರಿಗೂ ಹೋಗುತ್ತದೆ, ಅಲ್ಲಿಗೆ ನಂಬಿಕೆ ಮುಗಿಯಿತು. ಯಾರಿಗಾದರೂ ನಿಜಕ್ಕೂ ತಿಳಿಸಬೇಕಿದ್ದರೆ, ಕಳಿಸಿದ ಮೇಲನ್ನು ಆಮೇಲೆ ಅವರಿಗೆ ಬೇರೆಯಾಗಿ ಫಾರ್ವರ್ಡ್ ಮಾಡಿ, ಯಾಕೆ ಅಂತ ಒಂದು ಸಾಲು ಸೇರಿಸುತ್ತೇನೆ.

Cci ಕಡ್ಡಾಯ ಅನ್ನಿಸುವ ಸಂದರ್ಭ ಬೇರೆಯೇ ಇದೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಹೊರಗಿನವರಿಗೆ, ಉದಾಹರಣೆಗೆ ತರಬೇತಿಗೆ ಹೆಸರು ಕೊಟ್ಟವರಿಗೆಲ್ಲ, ಒಂದೇ ಮೇಲ್ ಹೋಗಬೇಕಾದಾಗ À, ಅಂದರೆ To, ಸಾಲಿನಲ್ಲಿ ನನ್ನದೇ ವಿಳಾಸ, ಉಳಿದದ್ದೆಲ್ಲ Cci ನಲ್ಲಿ. ವಿಳಾಸಗಳನ್ನು Cc ನಲ್ಲಿ ಹಾಕಿ ಎಲ್ಲರಿಗೂ ತೋರಿಸಿದರೆ ಅದು 2018ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ನಿಯಮದ ಪ್ರಕಾರ ವೈಯಕ್ತಿಕ ಮಾಹಿತಿಯ ಸೋರಿಕೆ. ಅದರಿಂದ ಅವರಿಗೆ ಅಪಾಯವಾಗುವಂತಿದ್ದರೆ ಸಂಸ್ಥೆ 72 ಗಂಟೆಯೊಳಗೆ ಫ್ರಾನ್ಸಿನ ನಿಯಂತ್ರಕ ಸಂಸ್ಥೆ CNIL ಗೆ ತಿಳಿಸಬೇಕಾಗುತ್ತದೆ. ರೋಗಿಗಳು, ಯೂನಿಯನ್ ಸದಸ್ಯರು ಇಂಥವರ ಪಟ್ಟಿಯಾದರಂತೂ ಹೆಸರು ಕಂಡರೇ ಸಾಕು, ಹೊರಬರಬಾರದ್ದು ಹೊರಬಂದ ಹಾಗೆ.

ಇನ್ನು Répondre à tous. ಬರೀ ‘ಮೆರ್ಸಿ’ ಆದರೆ ಕಳಿಸಿದವರಿಗೆ ಮಾತ್ರ. ಉತ್ತರದಿಂದ ಕಾಪಿಯಲ್ಲಿರುವವರ ಕೆಲಸ ಬದಲಾಗುವುದಾದರೆ ಎಲ್ಲರಿಗೂ. ಗ್ರಾಹಕರು ಕಾಪಿಯಲ್ಲಿರುವ ಮೇಲ್‌ಗಳ ಎಳೆಯಲ್ಲಿ ಸಹೋದ್ಯೋಗಿಗೆ ಕೇಳಬೇಕಾದ ಪ್ರಶ್ನೆ ಇದ್ದರೆ ಹೊಸ ಮೇಲ್ ತೆಗೆಯುತ್ತೇನೆ. ಅವನಿಗೆ ‘ತ್ಯು’, ಗ್ರಾಹಕರಿಗೆ ‘ವೂ’ ಅಂತ ಒಂದೇ ಪತ್ರದಲ್ಲಿ ನೀನು-ನೀವು ಬೆರೆಸುವ ಇಕ್ಕಟ್ಟೂ ತಪ್ಪುತ್ತದೆ, ನಮ್ಮ ಒಳಗಿನ ಅನುಮಾನಗಳೂ ಹೊರಗೆ ಹೋಗುವುದಿಲ್ಲ.

ಎಳೆಯಿಂದ ಯಾರನ್ನಾದರೂ ತೆಗೆಯುವಾಗಲೂ ಮೊದಲ ಸಾಲಿನಲ್ಲೇ ಹೇಳುತ್ತೇನೆ: ಇವರನ್ನು ‘ಬೂಕ್ಲ್’, ಅಂದರೆ ಈ ಮೇಲ್‌ಗಳ ಎಳೆಯಿಂದ ಬಿಡಿಸುತ್ತಿದ್ದೇನೆ, ಅವರ ಭಾಗದ ಕೆಲಸ ಮುಗಿದಿದೆ. ಸದ್ದಿಲ್ಲದೆ ತೆಗೆದರೆ ಉಳಿದವರು ಅದನ್ನು ಗಮನಿಸಿ ಕಾರಣ ಊಹಿಸತೊಡಗುತ್ತಾರೆ, ಆ ಊಹೆ ಒಳ್ಳೆಯದಿರುವುದು ಅಪರೂಪ.