ಅವಳಿಗಳಿಗೆ ಜೋಡಿ ಹೆಸರು: ನಾವು ಆರಿಸಿದ ಬಗೆ

ಹುಟ್ಟಿದ್ದು ಒಂದು ಗಂಡು, ಒಂದು ಹೆಣ್ಣು. ಮನೆಯವರೆಲ್ಲ ಪ್ರಾಸ ಹುಡುಕಲು ಕೂತರು. ಎಲ್ಲರ ಬಾಯಲ್ಲೂ ಮೊದಲು ನಿಂತ ಜೋಡಿ ಅನಿರುದ್ಧ, ಅನನ್ಯಾ. ಕೇಳಲು ಚೆಂದವೇ. ಆದರೆ ಹೆಸರನ್ನು ಯಾರೂ ಇಡಿಯಾಗಿ ಕರೆಯುವುದಿಲ್ಲವಲ್ಲ! ಒಂದನ್ನು ‘ಅನಿ’, ಇನ್ನೊಂದನ್ನು ‘ಅನು’ ಎನ್ನುತ್ತಾರೆ. ಪಕ್ಕದ ಕೋಣೆಯಿಂದ ಕೂಗಿದರೆ ಕಿವಿಗೆ ಬೀಳುವುದು ‘ಅನ್’ ಅಷ್ಟೇ.

ಹಾಗಾಗಿ ಪ್ರತಿ ಜೋಡಿಯನ್ನೂ ಕೂಗಿ ನೋಡಲು ಶುರು ಮಾಡಿದೆವು. ನಾನು ಬಾಗಿಲು ಹಾಕಿಕೊಂಡು ಒಂದು ಹೆಸರು ಕರೆಯುವುದು, ಆಚೆಯಿದ್ದವರು ಯಾವುದೆಂದು ಹೇಳುವುದು. ದೂರದಿಂದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಉಳಿಯುತ್ತವೆ. ಆದ್ದರಿಂದ ಅನಿಲ–ಸುನಿಲದಂಥ ಅಂತ್ಯಪ್ರಾಸದಲ್ಲಿ ಮೊದಲಕ್ಷರವೊಂದೇ ಎಲ್ಲ ಭಾರ ಹೊರಬೇಕು. ಒಂದರೊಳಗೆ ಇನ್ನೊಂದು ಅಡಗಿರುವ ಜೋಡಿ ಇನ್ನೂ ಕಷ್ಟ: ‘ವಿಜಯಾ’ ಎಂದು ಕೂಗಿದರೆ ಜಯಾಳೂ ಓಗೊಡುತ್ತಾಳೆ. ಸುಮಾ–ಕುಸುಮಾ ಕೂಡ ಅದೇ ಕಾರಣಕ್ಕೆ ಪಟ್ಟಿಯಿಂದ ಹೋಯಿತು.

ಕಾಗದಪತ್ರದ ಪಾಡು ಬೇರೆ. ಅವಳಿಗಳ ಹುಟ್ಟಿದ ದಿನ, ತಂದೆತಾಯಿ, ವಿಳಾಸ ಎಲ್ಲವೂ ಒಂದೇ; ಬೇರೆ ಎಂದು ಹೇಳಲು ಹೆಚ್ಚಾಗಿ ಉಳಿಯುವುದು ಹೆಸರೊಂದೇ. ಇನಿಷಿಯಲ್ ಮಾತ್ರ ಬರೆಯುವ ಕಡೆ ಇಬ್ಬರೂ ‘ಎ’ ಆದರೆ ಲಸಿಕೆ ಚೀಟಿ ಅದಲುಬದಲಾಗಲು ಎಷ್ಟು ಹೊತ್ತು? ಎರಡನೆಯ ಮಗುವಿನ ಅರ್ಜಿಯನ್ನು ಮೊದಲನೆಯದರ ನಕಲೆಂದು ತಿಳಿದು ಪಕ್ಕಕ್ಕಿಡುವುದೂ ಉಂಟು. ಮೊದಲಕ್ಷರ ಬೇರೆಯಾಗಿರಲೇಬೇಕೆಂದು ನಾನು ಹಟ ಹಿಡಿದದ್ದು ಇದಕ್ಕೇ.

ಉಚ್ಚಾರದ ಪ್ರಾಸ ಬಿಟ್ಟು ಅರ್ಥದ ನಂಟಿಗೆ ಬಂದೆವು. ಬೆಳಕಿನ ಹೆಸರುಗಳಿರಲಿ ಎಂದಾಗ ಅತ್ತೆ, “ಚಂದ್ರ, ರೋಹಿಣಿ ಇಡ್ರೋ” ಎಂದರು. ಪುರಾಣದಲ್ಲಿ ರೋಹಿಣಿ ಚಂದ್ರನ ಹೆಂಡತಿ! ಸೂರ್ಯ–ಛಾಯಾ ಕೂಡ ಗಂಡಹೆಂಡತಿಯೇ. ಅಣ್ಣತಂಗಿಗೆ ದಂಪತಿಯ ಹೆಸರಿಟ್ಟರೆ ಜನ್ಮವಿಡೀ ತಮಾಷೆ ಕೇಳಬೇಕು. ಪ್ರಸಿದ್ಧ ಗಂಡು–ಹೆಣ್ಣು ಜೋಡಿಗಳು ಬಹುಪಾಲು ದಂಪತಿಗಳೇ ಆದ್ದರಿಂದ, ಇಷ್ಟವಾದ ಪ್ರತಿ ಜೋಡಿಯ ಕಥೆಯನ್ನೂ ಹಿರಿಯರಲ್ಲಿ ಕೇಳಿಕೊಂಡೆವು.

ಕೊನೆಗೆ ನಿಂತದ್ದು ಮಿಹಿರ, ಕೌಮುದಿ. ಒಂದು ಸೂರ್ಯ, ಒಂದು ಬೆಳದಿಂಗಳು. ಮೊದಲ ಸ್ವರವೇ ಬೇರೆ, ಮೊಟಕು ಮಾಡಿದರೆ ‘ಮಿಹಿ’, ‘ಕೌಮು’; ಬಾಗಿಲಾಚೆ ಯಾರೂ ತಪ್ಪು ಹೇಳಲಿಲ್ಲ. ಕೌಮುದಿಯದ್ದು ಒಂದೇ ತಕರಾರು: ಇಂಗ್ಲಿಷಿನಲ್ಲಿ ‘ಕೆ’ ಆದಮೇಲೆ ‘ಎ’ ಬರೆಯುವವರೂ ಇದ್ದಾರೆ, ‘ಓ’ ಬರೆಯುವವರೂ ಇದ್ದಾರೆ. ಜನನ ಪ್ರಮಾಣಪತ್ರಕ್ಕೆ ಕೊಡುವ ಮೊದಲೇ ‘ಎ’ ಎಂದು ನಿಶ್ಚಯಿಸಿ, ಮುಂದಿನ ಎಲ್ಲ ಅರ್ಜಿಗಳಿಗೂ ಅದನ್ನೇ ನೋಡಿ ಬರೆಯುತ್ತಿದ್ದೇವೆ.

ಮೂರನೆಯದು ಬಂದರೆ ಎಂದು ನಾದಿನಿ ಕೇಳಿದಳು. ಹಗಲು–ಇರುಳಿನಂತೆ ಎರಡಕ್ಕೇ ಮುಗಿಯುವ ಜೋಡಿಯಲ್ಲಿ ಮೂರನೆಯ ಕೂಸು ಹೊರಗುಳಿಯುತ್ತದೆ. ಬೆಳಕಿನಲ್ಲಾದರೆ ತಾರಾ ಇದ್ದಾಳೆ, ಕಿರಣ ಇದ್ದಾನೆ.