ತುಂಬಿದ ವಯಸ್ಸು, ನಡೆಯುತ್ತಿರುವ ವಯಸ್ಸು

2011ರ ಫೆಬ್ರವರಿಯಲ್ಲಿ ನಾನು ಬೆಂಗಳೂರಿನ ಮಹದೇವಪುರದ ಕಡೆಯ ಒಂದು ಬ್ಲಾಕ್‌ನಲ್ಲಿ ಗಣತಿದಾರಳಾಗಿದ್ದೆ. ಆಗ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸ. ಜನಗಣತಿಯ ಕುಟುಂಬ ನಮೂನೆಯಲ್ಲಿದ್ದ 29 ಪ್ರಶ್ನೆಗಳ ಪೈಕಿ ನನ್ನನ್ನು ಹೆಚ್ಚು ಹೊತ್ತು ಬಾಗಿಲಲ್ಲಿ ನಿಲ್ಲಿಸಿದ್ದು ವಯಸ್ಸಿನ ಪ್ರಶ್ನೆ.

ಗಣತಿಗೆ ಬೇಕಾದದ್ದು ತುಂಬಿದ ವಯಸ್ಸು, ಆದರೆ ನಮ್ಮ ಜನ ಹೇಳುವುದು ಬಹುಪಾಲು ನಡೆಯುತ್ತಿರುವ ವಯಸ್ಸು. ಕಟ್ಟಡ ಕಾರ್ಮಿಕರ ಶೆಡ್ ಒಂದರಲ್ಲಿ ಕಲಬುರಗಿ ಕಡೆಯ ತಾಯಿಯೊಬ್ಬರು ಮಗಳನ್ನು ತೋರಿಸಿ, "ಏಳ್ ನಡದದ ನೋಡ್ರಿ ಮೇಡಂ" ಎಂದರು. ಅಂದರೆ ತುಂಬಿದ್ದು ಆರು. ನಾನು ಏಳು ಎಂದು ಬರೆದಿದ್ದರೆ ಆ ಹುಡುಗಿ 0–6 ವಯಸ್ಸಿನ ಮಕ್ಕಳ ಲೆಕ್ಕದಿಂದ ಹೊರಬಿದ್ದು, ಸಾಕ್ಷರತೆಯ ಪ್ರಮಾಣವನ್ನು ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಮಾತ್ರ ಅಳೆಯುವುದರಿಂದ, ಅಲ್ಲಿ ಅನಕ್ಷರಸ್ಥಳಾಗಿ ಸೇರಿಬಿಡುತ್ತಿದ್ದಳು.

ಕೂಸುಗಳ ವಿಷಯ ಇನ್ನೂ ಸೂಕ್ಷ್ಮ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ತೊಟ್ಟಿಲ ಮಗುವನ್ನು ಅನೇಕರು ಎಣಿಸುವುದೇ ಇಲ್ಲ. ಅದಕ್ಕಾಗಿ ನಾನು ಎರಡನೆಯ ಸಲ, "ಎದೆಹಾಲು ಕುಡಿಯುವ ಮಗು ಇದೆಯೇನಮ್ಮ?" ಎಂದು ಬೇರೆಯಾಗಿಯೇ ಕೇಳುತ್ತಿದ್ದೆ, ತಾಯಿ ಕಾರ್ಡ್ ಇದ್ದರೆ ಹುಟ್ಟಿದ ದಿನಾಂಕ ಅದರಲ್ಲೇ ಸಿಗುತ್ತಿತ್ತು. ಒಂದು ವರ್ಷ ತುಂಬದ ಮಗುವಿಗೆ ವಯಸ್ಸು ಸೊನ್ನೆ. ಫೆಬ್ರವರಿ 28ರ ನಡುರಾತ್ರಿ, ಅಂದರೆ ಮಾರ್ಚ್ 1 ಹುಟ್ಟುವ ಕ್ಷಣವೇ ಗಡಿಯಾದ್ದರಿಂದ, ಮಾರ್ಚ್ 1ರಿಂದ 5ರ ಮರುಭೇಟಿಯಲ್ಲಿ ಅಷ್ಟರೊಳಗೆ ಹುಟ್ಟಿದವರನ್ನು ಸೇರಿಸಿ, ತೀರಿಕೊಂಡವರನ್ನು ತೆಗೆದೆ.

ಮೊದಲ ವಾರದ ಕೊನೆಗೆ ನನ್ನ ಹಾಳೆಗಳನ್ನು ಹರಡಿಕೊಂಡು ಮಕ್ಕಳ ವಯಸ್ಸನ್ನು ಎಣಿಸಿದಾಗ ಹತ್ತು ವರ್ಷದವರು ಮಾತ್ರ ಗುಂಪಾಗಿ ಕಂಡರು, ಒಂಬತ್ತು ಮತ್ತು ಹನ್ನೊಂದರವರು ವಿರಳ. ಮಕ್ಕಳು ಹಾಗೆ ಹುಟ್ಟುವುದಿಲ್ಲ. ಅಂದಾಜಿನ ಉತ್ತರಗಳನ್ನು ನಾನು ಹಾಗೆಯೇ ಬರೆದುಕೊಂಡಿದ್ದೆ. ಆ ಮನೆಗಳಿಗೆ ಮತ್ತೆ ಹೋಗಿ, ಯಾವ ತರಗತಿ, ಅಣ್ಣನಿಗಿಂತ ಎಷ್ಟು ಚಿಕ್ಕವನು, ಯಾವ ಹಬ್ಬದ ಹೊತ್ತಿಗೆ ಹುಟ್ಟಿದ ಎಂದು ಕೇಳಿ ತಿದ್ದಿದೆ.

ಅಂದು ಸೊನ್ನೆ ಎಂದು ಬರೆದ ಮಗುವಿಗೆ ಆರು ತುಂಬುವುದು 2016ರ ಮಾರ್ಚ್‌ನಿಂದ 2017ರ ಫೆಬ್ರವರಿಯೊಳಗೆ. ಒಂದನೆಯ ತರಗತಿಗೆ ಎಷ್ಟು ಕೊಠಡಿ, ಎಷ್ಟು ಶಿಕ್ಷಕರು ಬೇಕೆಂಬ ಅಂದಾಜು ಇಂಥ ವಯಸ್ಸುಗಳನ್ನು ವರ್ಷದಿಂದ ವರ್ಷಕ್ಕೆ ಮುಂದೆ ಸರಿಸಿಯೇ ಹುಟ್ಟುತ್ತದೆ. ನಗರದಲ್ಲಿ ಸುಮಾರು 50,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಮಾನದಂಡವೂ ತಲೆ ಎಣಿಕೆಯನ್ನೇ ನಂಬಿದೆ. ಕೂಸುಗಳು ಬಿಟ್ಟುಹೋದರೆ ಲಸಿಕೆಯ ಲೆಕ್ಕಾಚಾರಕ್ಕೂ ಆ ಕೊರತೆ ತಟ್ಟುತ್ತದೆ.

ಆದರೆ ಎಷ್ಟು ಸರಿಯಾಗಿ ಬರೆದರೂ ಒಂದು ಮಿತಿ ಉಳಿಯುತ್ತದೆ. ಕಟ್ಟಡ ಮುಗಿದ ಮೇಲೆ ಶೆಡ್‌ಗಳು ಎದ್ದುಹೋದವು. ಆ ಹುಡುಗಿಯ ಹೆಸರು ನಮ್ಮ ವಾರ್ಡಿನ ಲೆಕ್ಕದಲ್ಲಿತ್ತು. ಅವಳಿಗೆ ಶಾಲೆ ಬೇಕಾಗಿದ್ದದ್ದು ಅವಳ ತಂದೆತಾಯಿ ಮುಂದಿನ ಕೆಲಸ ಹಿಡಿದ ಊರಿನಲ್ಲಿ.